7.75 ಗಂಟೆ ಅಂದರೆ ಎಷ್ಟು ಹೊತ್ತು? ಟೈಮ್‌ಶೀಟ್‌ನ ದಶಮಾಂಶ ಗಂಟೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟೈಮ್‌ಶೀಟ್ ನೋಡಿ ಸಂಬಳ ಲೆಕ್ಕ ಹಾಕುವವರಿಗೆ ಈ ಪುಟ. ತಮ್ಮ ಗಂಟೆಗಳು ಸರಿಯಾಗಿ ಸೇರಿವೆಯೇ ಎಂದು ನೋಡಿಕೊಳ್ಳಲು ಬಯಸುವ ಕೆಲಸಗಾರರಿಗೂ ಇದು ಸಾಕು. ಇಲ್ಲಿ ಬೇಕಾದ ಗಣಿತ 60ರಿಂದ ಗುಣಿಸುವುದು, 60ರಿಂದ ಭಾಗಿಸುವುದು, ಅಷ್ಟೇ. ಆದರೂ ತಪ್ಪುಗಳು ಆಗುತ್ತಲೇ ಇರುತ್ತವೆ. ಅವು ಗುಣಾಕಾರದಲ್ಲಿ ಆಗುವುದು ಕಡಿಮೆ. ಚುಕ್ಕೆಯ ನಂತರದ ಅಂಕಿಗಳನ್ನು ನಾವು ಏನೆಂದು ಓದಿಕೊಂಡೆವು ಎಂಬಲ್ಲೇ ಜಾಸ್ತಿ ಆಗುತ್ತವೆ. ಹಾಗಾಗಿ ಈ ಪುಟದ ಹೆಚ್ಚಿನ ಭಾಗ ಆ ಚುಕ್ಕೆಗೇ ಮೀಸಲು.

ಉದಾಹರಣೆಗಳಲ್ಲಿ ಗಂಟೆಯ ದರ 240 ಎಂದು ಇಟ್ಟುಕೊಂಡಿದ್ದೇನೆ. ಹಣ ಯಾವುದೇ ಇರಲಿ, ಲೆಕ್ಕ ಒಂದೇ.

## 7.75 ಗಂಟೆ ಅಂದರೆ 7 ಗಂಟೆ 75 ನಿಮಿಷವೇ?

ಅಲ್ಲ. ಅದು ಏಳೂ ಮುಕ್ಕಾಲು ಗಂಟೆ, ಅಂದರೆ 7 ಗಂಟೆ 45 ನಿಮಿಷ. ಚುಕ್ಕೆಯ ನಂತರ ಇರುವುದು ನಿಮಿಷಗಳ ಎಣಿಕೆ ಅಲ್ಲ, ಒಂದು ಗಂಟೆಯಲ್ಲಿ ಎಷ್ಟು ಪಾಲು ಎಂಬ ಲೆಕ್ಕ. ನೂರು ಪಾಲಿನಲ್ಲಿ 75 ಪಾಲು. ಗಂಟೆಗೆ ಇರುವುದು 60 ನಿಮಿಷ ತಾನೇ? ಅದರ ನೂರಕ್ಕೆ 75 ಪಾಲು ಎಂದರೆ 45 ನಿಮಿಷ.

ಲೆಕ್ಕ ಹೀಗೆ: ಚುಕ್ಕೆಯ ಎಡಕ್ಕಿರುವ 7 ಹಾಗೇ ಗಂಟೆಯಾಗಿ ಉಳಿಯುತ್ತದೆ. ಬಲಕ್ಕಿರುವ 0.75 ಅನ್ನು 60ರಿಂದ ಗುಣಿಸಿ. 45 ಬರುತ್ತದೆ. ಮುಗಿಯಿತು.

ಕ್ಯಾಲ್ಕುಲೇಟರ್ ಇಲ್ಲದೆ ಮಾಡಬೇಕೆಂದರೆ ಚುಕ್ಕೆಯ ನಂತರದ ಎರಡು ಅಂಕಿಗಳನ್ನು 6ರಿಂದ ಗುಣಿಸಿ, ಕೊನೆಯ ಅಂಕಿಯ ಮುಂಚೆ ಚುಕ್ಕೆ ಇಡಿ. 75 × 6 = 450, ಅಂದರೆ 45.0 ನಿಮಿಷ. 92 ಇದ್ದರೆ 552, ಅಂದರೆ 55.2 ನಿಮಿಷ, ಹತ್ತಿರದ ಪೂರ್ಣ ನಿಮಿಷಕ್ಕೆ 55. ಚುಕ್ಕೆಯ ನಂತರ ಒಂದೇ ಅಂಕಿ ಇದ್ದರೆ ಮುಂದೆ ಒಂದು ಸೊನ್ನೆ ಸೇರಿಸಿಕೊಳ್ಳಿ: 8.2 ಅಂದರೆ 8.20, 20 × 6 = 120, ಅಂದರೆ 12 ನಿಮಿಷ.

## ಉಲ್ಟಾ ಲೆಕ್ಕ ಹೇಗೆ?

ನಿಮಿಷವನ್ನು 60ರಿಂದ ಭಾಗಿಸಿ ಗಂಟೆಗೆ ಸೇರಿಸಿ. 7 ಗಂಟೆ 20 ನಿಮಿಷ ಇದ್ದರೆ 20 ÷ 60 = 0.3333, ಹಾಗಾಗಿ 7.33. ಜಾಸ್ತಿ ಬರುವ ಕೆಲವು ಅಂಕಿಗಳು ಬಾಯಿಗೆ ಬಂದರೆ ಕೆಲಸ ಬೇಗ ಆಗುತ್ತದೆ:

| ನಿಮಿಷ | ದಶಮಾಂಶ ಗಂಟೆ |
|---|---|
| 6 | 0.10 |
| 10 | 0.17 |
| 15 | 0.25 |
| 20 | 0.33 |
| 30 | 0.50 |
| 40 | 0.67 |
| 45 | 0.75 |
| 50 | 0.83 |

6 ನಿಮಿಷಕ್ಕೆ 0.1 ಎಂಬುದೊಂದನ್ನು ನೆನಪಿಟ್ಟುಕೊಂಡರೂ ಸಾಕು, ಉಳಿದದ್ದನ್ನು ಅದರಿಂದಲೇ ಅಂದಾಜು ಮಾಡಬಹುದು. 0.01 ಗಂಟೆ ಎಂದರೆ 36 ಸೆಕೆಂಡು.

## ಪೇರೋಲ್‌ನವರು ಗಂಟೆ-ನಿಮಿಷ ಬಿಟ್ಟು ದಶಮಾಂಶ ಯಾಕೆ ಬಳಸುತ್ತಾರೆ?

ದರದಿಂದ ಗುಣಿಸಬೇಕಲ್ಲ, ಅದಕ್ಕೆ. 7 ಗಂಟೆ 45 ನಿಮಿಷವನ್ನು 240ರಿಂದ ನೇರವಾಗಿ ಗುಣಿಸಲು ಆಗುವುದಿಲ್ಲ. 7.75 ಅನ್ನು ಗುಣಿಸಬಹುದು, 1,860 ಬರುತ್ತದೆ. ಕೂಡುವಾಗಲೂ 60 ಆದಾಗ ಒಂದು ಗಂಟೆ ಮುಂದಕ್ಕೆ ಒಯ್ಯುವ ತಾಪತ್ರಯ ಇರುವುದಿಲ್ಲ.

ಕೆಲಸ ಮಾಡಿದವರಿಗೆ ಮಾತ್ರ ಗಂಟೆ-ನಿಮಿಷವೇ ಸಹಜ. ಗಡಿಯಾರ ತೋರಿಸುವುದು ಅದನ್ನೇ. ಹಾಗಾಗಿ ಒಂದೇ ಹಾಳೆಯಲ್ಲಿ ಎರಡೂ ಬರಹಗಳು ಸೇರಿಕೊಳ್ಳುತ್ತವೆ. ಮುಂದಿನ ಎಲ್ಲ ತೊಂದರೆಗಳ ಬೇರು ಇದೇ.

## ಟೈಮ್‌ಶೀಟ್‌ನಲ್ಲಿ 7.45 ಎಂದಿದೆ. ಇದು ದಶಮಾಂಶವೋ, 7 ಗಂಟೆ 45 ನಿಮಿಷವೋ?

ಆ ಒಂದು ಅಂಕಿಯನ್ನು ಮಾತ್ರ ನೋಡಿ ಹೇಳಲು ಸಾಧ್ಯವಿಲ್ಲ. ದಶಮಾಂಶವಾದರೆ ಅದು 7 ಗಂಟೆ 27 ನಿಮಿಷ. ನಿಮಿಷವನ್ನೇ ಚುಕ್ಕೆ ಇಟ್ಟು ಬರೆದಿದ್ದರೆ 7 ಗಂಟೆ 45 ನಿಮಿಷ. ನಡುವೆ 18 ನಿಮಿಷದ ಅಂತರ. ನಮ್ಮ ದರದಲ್ಲಿ ಒಂದು ದಿನಕ್ಕೆ 72.

ಆದರೆ ಇಡೀ ಕಾಲಂ ನೋಡಿದರೆ ಬಹುತೇಕ ಸಲ ಗೊತ್ತಾಗುತ್ತದೆ. ಚುಕ್ಕೆಯ ನಂತರದ ಅಂಕಿಗಳ ಮೇಲೆ ಮಾತ್ರ ಕಣ್ಣಾಡಿಸಿ. ಎಲ್ಲಾದರೂ 59ಕ್ಕಿಂತ ದೊಡ್ಡದು ಸಿಕ್ಕರೆ, ಉದಾಹರಣೆಗೆ .67, .75, .92, ಆ ನಮೂದು ದಶಮಾಂಶವೇ. ಯಾರೂ 75 ನಿಮಿಷ ಎಂದು ಬರೆಯುವುದಿಲ್ಲ, ಅಲ್ವಾ? ಅದೇ ನೂರಾರು ನಮೂದುಗಳಲ್ಲಿ ಒಂದೂ 59 ದಾಟಿಲ್ಲ, .15, .30, .45 ಮತ್ತೆ ಮತ್ತೆ ಬರುತ್ತಿವೆ ಎಂದಾದರೆ, ಅದು ನಿಮಿಷಗಳ ಬರಹ ಎಂದು ಬಲವಾಗಿ ಅನುಮಾನಿಸಬಹುದು. ಕಾಲು ಗಂಟೆಯ ಲೆಕ್ಕದಲ್ಲಿ ಬರೆದ ದಶಮಾಂಶವಾಗಿದ್ದರೆ ಅಲ್ಲಿ .25, .50, .75 ಕಾಣಬೇಕಿತ್ತು.

ಎಚ್ಚರ ಬೇಕಾದ ಒಂದು ಸಂಗತಿ ಇದೆ. ಒಂದೇ ಕಾಲಂನಲ್ಲಿ ಇಬ್ಬರು ಎರಡು ರೀತಿ ಬರೆದಿರಬಹುದು. ಆದ್ದರಿಂದ ಈ ಪರೀಕ್ಷೆಯನ್ನು ಹಾಳೆಗೆ ಒಂದು ಸಲ ಮಾಡಿದರೆ ಸಾಲದು, ಪ್ರತಿ ವ್ಯಕ್ತಿಯ ನಮೂದುಗಳಿಗೂ ಬೇರೆಬೇರೆಯಾಗಿ ಮಾಡಬೇಕು. ನಮೂದುಗಳಲ್ಲಿ ಬರೀ .00 ಮತ್ತು .50 ಇದ್ದರೆ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ. .50 ಅರ್ಧ ಗಂಟೆಯೂ ಆಗಬಹುದು, 50 ನಿಮಿಷವೂ ಆಗಬಹುದು.

ಅಂಥಲ್ಲಿ ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ನೋಡುವುದೇ ಭದ್ರವಾದ ದಾರಿ. 9:10ಕ್ಕೆ ಬಂದು 17:25ಕ್ಕೆ ಹೋದವರು 8 ಗಂಟೆ 15 ನಿಮಿಷ ಇದ್ದರು. ಸಂಬಳ ಇಲ್ಲದ ಅರ್ಧ ಗಂಟೆಯ ವಿರಾಮ ಕಳೆದರೆ 7 ಗಂಟೆ 45 ನಿಮಿಷ. ಅವರ ಹಾಳೆಯಲ್ಲಿ 7.45 ಎಂದಿದ್ದರೆ ಅದು ನಿಮಿಷದ ಬರಹ, 7.75 ಎಂದಿದ್ದರೆ ದಶಮಾಂಶ. ಬಂದ-ಹೋದ ಹೊತ್ತು ಎಲ್ಲೂ ದಾಖಲಾಗಿಲ್ಲವೇ? ಬರೆದವರನ್ನೇ ಕೇಳಿ. ಊಹೆಯ ಮೇಲೆ ಬೇರೆಯವರ ಸಂಬಳ ಕಟ್ಟಬಾರದು.

## ನಿಮಿಷದ ಬರಹವನ್ನು ಹಾಗೇ ಕೂಡಿದರೆ ಏನಾಗುತ್ತದೆ?

ಒಂದು ವಾರದ ಹಾಳೆಯನ್ನೇ ತೆಗೆದುಕೊಳ್ಳೋಣ. ಒಬ್ಬರು ಐದು ದಿನ ಕೆಲಸ ಮಾಡಿದ್ದು ಹೀಗೆ:

| ದಿನ | ಗಂಟೆ-ನಿಮಿಷ | ದಶಮಾಂಶ |
|---|---|---|
| ಸೋಮ | 7:45 | 7.75 |
| ಮಂಗಳ | 8:12 | 8.20 |
| ಬುಧ | 7:20 | 7.33 |
| ಗುರು | 8:06 | 8.10 |
| ಶುಕ್ರ | 6:55 | 6.92 |

ಮೊದಲು ಸರಿಯಾದ ದಾರಿ. ಗಂಟೆಗಳನ್ನು ಬೇರೆ ಕೂಡಿ: 36. ನಿಮಿಷಗಳನ್ನು ಬೇರೆ ಕೂಡಿ: 138. 138 ನಿಮಿಷ ಎಂದರೆ 2 ಗಂಟೆ 18 ನಿಮಿಷ. ಒಟ್ಟು 38 ಗಂಟೆ 18 ನಿಮಿಷ. ಈಗ ದಶಮಾಂಶದ ಕಾಲಂ ಕೂಡಿ: 38.30. ಇದರ 0.30 ಅನ್ನು 60ರಿಂದ ಗುಣಿಸಿದರೆ 18 ನಿಮಿಷ. ಎರಡೂ ಹೊಂದುತ್ತವೆ. ಸಂಬಳ 38.30 × 240 = 9,192.

ಈಗ ಅದೇ ವ್ಯಕ್ತಿ ನಿಮಿಷಕ್ಕೆ ಚುಕ್ಕೆ ಇಟ್ಟು 7.45, 8.12, 7.20, 8.06, 6.55 ಎಂದು ಬರೆದಿದ್ದಾರೆ, ಲೆಕ್ಕದವರು ಅದನ್ನು ಸಾಮಾನ್ಯ ಸಂಖ್ಯೆಗಳಂತೆ ಕೂಡಿದ್ದಾರೆ ಎಂದುಕೊಳ್ಳಿ. ಮೊತ್ತ 37.38. ದರದಿಂದ ಗುಣಿಸಿದರೆ 8,971.20. ಆ ಒಂದೇ ವಾರದಲ್ಲಿ ಕೆಲಸಗಾರರಿಗೆ 220.80 ಕಡಿಮೆ. ನೋಡಲು 37.38ರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲ. ಅದಕ್ಕೇ ಈ ತಪ್ಪು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡಬಹುದು.

ಇದನ್ನು 37 ಗಂಟೆ 38 ನಿಮಿಷ ಎಂದು ಓದಿಕೊಂಡರೂ ಸರಿಯಾಗುವುದಿಲ್ಲ. ನಿಮಿಷಗಳು 60ಕ್ಕೆ ಒಂದು ಗಂಟೆಯಾಗಬೇಕು, ಇಲ್ಲಿ 100ಕ್ಕೆ ಆಗಿವೆ. ನಿಜವಾದ 38 ಗಂಟೆ 18 ನಿಮಿಷಕ್ಕೆ ಇನ್ನೂ 40 ನಿಮಿಷ ಸಾಲದು.

ಇನ್ನೊಂದು ಬಲೆ ಸರಿಯಾದ ಮೊತ್ತದಲ್ಲೇ ಇದೆ. 38.30 ಅನ್ನು ನೋಡಿದ ಕೂಡಲೇ ಕಣ್ಣು 38 ಗಂಟೆ 30 ನಿಮಿಷ ಎಂದು ಓದಿಬಿಡುತ್ತದೆ. ಅದು 38 ಗಂಟೆ 18 ನಿಮಿಷ. 7.75 ಎಂಬ ಅಂಕಿ ನಮ್ಮನ್ನು ನಿಲ್ಲಿಸಿ ಯೋಚಿಸುವಂತೆ ಮಾಡುತ್ತದೆ, ಏಕೆಂದರೆ 75 ನಿಮಿಷ ಎಂಬುದು ಕಿವಿಗೇ ಸರಿ ಬರುವುದಿಲ್ಲ. 38.30 ಹಾಗೆ ನಿಲ್ಲಿಸುವುದಿಲ್ಲ. ಚುಕ್ಕೆಯ ನಂತರ 60ಕ್ಕಿಂತ ಕಡಿಮೆ ಇರುವ ಅಂಕಿಗಳ ಬಗ್ಗೆಯೇ ಹೆಚ್ಚು ಹುಷಾರಾಗಿರಿ.

## ವಿರಾಮದ ಅರ್ಧ ಗಂಟೆ ಕಳೆಯಲು 0.30 ಕಳೆದರೆ ಸರಿಯೇ?

ತಪ್ಪು. ದಶಮಾಂಶದಲ್ಲಿ ಅರ್ಧ ಗಂಟೆ 0.50. 8.25ರಿಂದ 0.50 ಕಳೆದರೆ 7.75, ಸರಿ. 0.30 ಕಳೆದರೆ 7.95 ಬರುತ್ತದೆ, ಅಂದರೆ 7 ಗಂಟೆ 57 ನಿಮಿಷ. 12 ನಿಮಿಷ ಜಾಸ್ತಿ. ಗಂಟೆಗಳೆಲ್ಲ ಸರಿಯಾಗಿ ದಶಮಾಂಶದಲ್ಲಿದ್ದು ವಿರಾಮ ಒಂದನ್ನು ಮಾತ್ರ ನಿಮಿಷದಲ್ಲಿ ಬರೆದಿರುವ ಹಾಳೆಗಳೂ ಇರುತ್ತವೆ. ಕಾಲಂಗಳನ್ನು ಪರೀಕ್ಷಿಸುವಾಗ ವಿರಾಮದ ಕಾಲಂ ಮರೆಯಬೇಡಿ.

## ಎಕ್ಸೆಲ್‌ನಲ್ಲಿ 7.75 ಅನ್ನು 7:45 ಆಗಿ ತೋರಿಸುವುದು ಹೇಗೆ?

ಒಂದು ವಿಷಯ ತಿಳಿದರೆ ಇಲ್ಲಿಯ ಗೊಂದಲ ಹೋಗುತ್ತದೆ. ಎಕ್ಸೆಲ್ ಹೊತ್ತನ್ನು ಗಂಟೆಗಳಲ್ಲಿ ಇಟ್ಟುಕೊಳ್ಳುವುದಿಲ್ಲ, ದಿನಗಳಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೆ 1 ಎಂದರೆ ಒಂದು ಇಡೀ ದಿನ, 24 ಗಂಟೆ. 7.75 ಇರುವ ಸೆಲ್‌ಗೆ ಸುಮ್ನೆ `h:mm` ಫಾರ್ಮ್ಯಾಟ್ ಕೊಟ್ಟರೆ ಅದು ಏಳೂ ಮುಕ್ಕಾಲು ದಿನ ಎಂದು ತಿಳಿದು, ಏಳು ದಿನ ಬಿಟ್ಟು, ಮುಕ್ಕಾಲು ದಿನವನ್ನು 18:00 ಎಂದು ತೋರಿಸುತ್ತದೆ. ಹಾಗಾಗಿ ಮೊದಲು 24ರಿಂದ ಭಾಗಿಸಬೇಕು. ನಿಮಿಷಕ್ಕೆ ಸರಿಯಾಗಿ ಹೊಂದಿಸುವುದನ್ನೂ ಸೇರಿಸಿ ನಾನು ಶಿಫಾರಸು ಮಾಡುವ ಸೂತ್ರ ಇದು:

```
=ROUND(A2*60,0)/1440
```

ಇದು ದಶಮಾಂಶ ಗಂಟೆಯನ್ನು ಪೂರ್ಣ ನಿಮಿಷಗಳಾಗಿ ಮಾಡಿ, ಒಂದು ದಿನದ 1440 ನಿಮಿಷಗಳಿಂದ ಭಾಗಿಸುತ್ತದೆ. ಸೆಲ್‌ಗೆ `[h]:mm` ಫಾರ್ಮ್ಯಾಟ್ ಕೊಡಿ. ಆ ಚೌಕ ಆವರಣ ಬಹಳ ಮುಖ್ಯ. ಅದಿಲ್ಲದಿದ್ದರೆ 24 ಗಂಟೆ ದಾಟಿದ ಮೊತ್ತದಿಂದ ಇಡೀ ದಿನಗಳು ಕಾಣೆಯಾಗುತ್ತವೆ. ನಮ್ಮ ವಾರದ 38:18 ಆಗ 14:18 ಎಂದು ಕಾಣುತ್ತದೆ.

`=A2/24` ಎಂದಷ್ಟೇ ಬರೆದರೆ ಸಾಲದೇ? 7.75ಕ್ಕೆ ಸಾಕು. 7.33ಕ್ಕೆ ಸಾಲದು. 7.33 ಗಂಟೆ ಎಂದರೆ 7 ಗಂಟೆ 19 ನಿಮಿಷ 48 ಸೆಕೆಂಡು. ಈ ಫಾರ್ಮ್ಯಾಟ್ ಸೆಕೆಂಡುಗಳನ್ನು ಕತ್ತರಿಸಿಬಿಡುತ್ತದೆ, ಮೇಲಕ್ಕೆ ಹೊಂದಿಸುವುದಿಲ್ಲ. ಹಾಗಾಗಿ 7:20ರ ಬದಲು 7:19 ಕಾಣುತ್ತದೆ. ಕೆಲಸಗಾರರು ತಾವು ಬರೆದ ಹೊತ್ತಿಗಿಂತ ಒಂದು ನಿಮಿಷ ಕಡಿಮೆ ಕಂಡು ಕೇಳುವುದು ಸಹಜ.

## 7:45 ಎಂದು ಹಾಕಿ ದರದಿಂದ ಗುಣಿಸಿದೆ, 77.5 ಬಂತು. ಯಾಕೆ?

ಅದೇ ದಿನದ ಲೆಕ್ಕ. ಎಕ್ಸೆಲ್ ಪಾಲಿಗೆ 7:45 ಎಂದರೆ ಸುಮಾರು 0.3229 ದಿನ. ಅದನ್ನು 240ರಿಂದ ಗುಣಿಸಿದೆ, ಅಷ್ಟೇ. 24ರಿಂದಲೂ ಗುಣಿಸಿ, ಫಲಿತಾಂಶದ ಸೆಲ್‌ಗೆ ಸಾಮಾನ್ಯ ಸಂಖ್ಯೆಯ ಫಾರ್ಮ್ಯಾಟ್ ಕೊಡಿ:

```
=A2*24*240
```

1,860 ಬರುತ್ತದೆ. ಶಿಫ್ಟ್ ರಾತ್ರಿ 12 ದಾಟಿ ಮುಗಿಯುವುದಾದರೆ ಹೋದ ಹೊತ್ತಿನಿಂದ ಬಂದ ಹೊತ್ತು ಕಳೆದಾಗ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅಲ್ಲಿ `=MOD(B2-A2,1)*24` ಬಳಸಿ. A2 ಬಂದ ಹೊತ್ತು, B2 ಹೋದ ಹೊತ್ತು. ಉತ್ತರ ನೇರವಾಗಿ ದಶಮಾಂಶ ಗಂಟೆಯಲ್ಲೇ ಸಿಗುತ್ತದೆ.

## ಚುಕ್ಕೆ ಇಟ್ಟು ಬರೆದ ನಿಮಿಷಗಳ ಇಡೀ ಕಾಲಂ ನನ್ನ ಬಳಿ ಇದೆ. ಒಂದೊಂದಾಗಿ ತಿದ್ದಬೇಕೇ?

ಬೇಡ. ಎಕ್ಸೆಲ್‌ನಲ್ಲಿ ಇದಕ್ಕೆ ಒಪ್ಪುವ ಫಂಕ್ಷನ್ ಒಂದು ಈಗಾಗಲೇ ಇದೆ. ಹಣದ ಭಿನ್ನರಾಶಿಗಳಿಗೆಂದು ಇಟ್ಟಿದ್ದು, ಆದರೆ 60 ಎಂದು ಕೊಟ್ಟರೆ ಗಂಟೆಗೂ ಸರಿಯಾಗಿ ಹೊಂದುತ್ತದೆ:

```
=DOLLARDE(A2,60)
```

7.45 ಕೊಟ್ಟರೆ 7.75 ಬರುತ್ತದೆ.

ಆದರೆ ಇದನ್ನು ಓಡಿಸುವ ಮುಂಚೆ ಕಾಲಂನಲ್ಲಿ ಒಂದೇ ಅಂಕಿ ಇರುವ ನಮೂದುಗಳನ್ನು ಹುಡುಕಿ. 7 ಗಂಟೆ 5 ನಿಮಿಷವನ್ನು 7.05 ಎಂದು ಬರೆಯಬೇಕಿತ್ತು. ಅವಸರದಲ್ಲಿ 7.5 ಎಂದು ಬರೆದಿರಬಹುದು. ಇನ್ನೊಂದು ಕಡೆ 7 ಗಂಟೆ 50 ನಿಮಿಷವನ್ನು ಸರಿಯಾಗಿ 7.50 ಎಂದು ಟೈಪ್ ಮಾಡಿದ್ದರೂ ಎಕ್ಸೆಲ್ ಕೊನೆಯ ಸೊನ್ನೆಯನ್ನು ಬಿಟ್ಟು 7.5 ಎಂದೇ ತೋರಿಸುತ್ತದೆ. ಮೂರನೆಯವರು ಏಳೂವರೆ ಗಂಟೆಯನ್ನು ದಶಮಾಂಶದಲ್ಲಿ 7.5 ಎಂದು ಹಾಕಿರಬಹುದು. ಮೂರು ಬೇರೆಬೇರೆ ಹೊತ್ತುಗಳು, ಸೆಲ್‌ನಲ್ಲಿ ಕಾಣುವುದು ಒಂದೇ. ಯಾವ ಸೂತ್ರವೂ ಇದನ್ನು ಬಿಡಿಸಲಾರದು. ಮೂಲ ಕಾಗದ ಅಥವಾ ಬಂದ-ಹೋದ ಹೊತ್ತು ನೋಡಲೇಬೇಕು.

ಮುಂದೆ ಹೀಗಾಗಬಾರದು ಎಂದಿದ್ದರೆ ಗಂಟೆಗೆ ಒಂದು ಕಾಲಂ, ನಿಮಿಷಕ್ಕೆ ಇನ್ನೊಂದು ಕಾಲಂ ಕೊಡಿ. ನಿಮಿಷದ ಕಾಲಂ 0ರಿಂದ 59ರವರೆಗಿನ ಪೂರ್ಣ ಸಂಖ್ಯೆಯನ್ನು ಮಾತ್ರ ಒಪ್ಪುವಂತೆ ಮಾಡಿ. ಚುಕ್ಕೆಯೇ ಇಲ್ಲದ ಮೇಲೆ ಅದನ್ನು ತಪ್ಪಾಗಿ ಓದುವ ಮಾತೂ ಇಲ್ಲ.

## ಎರಡು ದಶಮಾಂಶ ಸ್ಥಾನ ಸಾಕೇ?

ಒಂದು ದಿನದ ಹೊತ್ತನ್ನು ದಾಖಲಿಸಲು ಸಾಕು. ಎರಡು ಸ್ಥಾನಕ್ಕೆ ಹೊಂದಿಸಿದಾಗ ಆಗುವ ವ್ಯತ್ಯಾಸ ಹೆಚ್ಚೆಂದರೆ 18 ಸೆಕೆಂಡು. ಅದು ಅರ್ಧ ನಿಮಿಷಕ್ಕಿಂತ ಕಡಿಮೆ. ಹಾಗಾಗಿ ಹತ್ತಿರದ ನಿಮಿಷಕ್ಕೆ ಹೊಂದಿಸಿದರೆ ಮೂಲ ನಿಮಿಷ ತಪ್ಪದೆ ವಾಪಸ್ ಸಿಗುತ್ತದೆ. ಒಂದೇ ಸ್ಥಾನ ಸಾಲದು: 7:45 ಅಲ್ಲಿ 7.8 ಆಗಿ, ಮರಳಿ 7:48 ಆಗುತ್ತದೆ.

ತೊಂದರೆ ಬರುವುದು ಹೊಂದಿಸಿದ ಅಂಕಿಗಳನ್ನು ಕೂಡಿದಾಗ. ಐದು ದಿನವೂ 7 ಗಂಟೆ 20 ನಿಮಿಷ ಕೆಲಸ ಮಾಡಿದವರ ನಿಜವಾದ ಮೊತ್ತ 36 ಗಂಟೆ 40 ನಿಮಿಷ. 7.33 ಅನ್ನು ಐದು ಸಲ ಕೂಡಿದರೆ 36.65, ಅಂದರೆ 36 ಗಂಟೆ 39 ನಿಮಿಷ. ಒಂದು ನಿಮಿಷ ಹೋಯಿತು. ದಿನವೂ 7 ಗಂಟೆ 40 ನಿಮಿಷ ಇದ್ದರೆ 7.67ರ ಐದು ಸಲದ ಮೊತ್ತ 38.35, ಒಂದು ನಿಮಿಷ ಜಾಸ್ತಿ.

ಸಣ್ಣದು ಎನಿಸಬಹುದು. ಆದರೆ ಇದನ್ನು ತಪ್ಪಿಸುವುದು ಏನೂ ಕಷ್ಟವಲ್ಲ. ದಿನದ ಹೊತ್ತನ್ನು ಪೂರ್ಣ ನಿಮಿಷಗಳಲ್ಲಿ ಇಟ್ಟುಕೊಳ್ಳಿ: 7:45 ಎಂದರೆ 465. ಅವಧಿ ಮುಗಿದಾಗ ನಿಮಿಷಗಳನ್ನು ಕೂಡಿ, ಒಂದೇ ಸಲ 60ರಿಂದ ಭಾಗಿಸಿ, ದರದಿಂದ ಗುಣಿಸಿ, ಕೊನೆಗೆ ಹಣವನ್ನು ಮಾತ್ರ ಹೊಂದಿಸಿ. ನಡುವೆ ಎಲ್ಲೂ ಹೊಂದಿಸಬೇಡಿ.

ಹೊತ್ತನ್ನೇ ಹತ್ತಿರದ ಕಾಲು ಗಂಟೆಗೆ ಹೊಂದಿಸುವ ಪದ್ಧತಿ ಬೇರೆ ವಿಷಯ. ಅದು ನಿಯಮದ ಪ್ರಶ್ನೆ. ನಿಮ್ಮ ಕಡೆ ಕಾನೂನು, ಒಪ್ಪಂದ ಅದಕ್ಕೆ ಅವಕಾಶ ಕೊಟ್ಟಿದೆಯೇ ಎಂದು ಮೊದಲು ನೋಡಬೇಕು. ಪರಿವರ್ತನೆಯ ಹೆಸರಿನಲ್ಲಿ ಅದು ಸದ್ದಿಲ್ಲದೆ ನುಸುಳಬಾರದು.

## ಪೇಸ್ಲಿಪ್‌ನಲ್ಲಿ ಯಾವ ಬರಹ ಇರಬೇಕು?

ಎರಡೂ ಇದ್ದರೆ ಒಳ್ಳೆಯದು: 38:18, ಪಕ್ಕದಲ್ಲಿ 38.30. ಮೊದಲನೆಯದನ್ನು ಕೆಲಸಗಾರರು ತಮ್ಮ ಲೆಕ್ಕದೊಂದಿಗೆ ಹೋಲಿಸುತ್ತಾರೆ, ಎರಡನೆಯದರಿಂದ ಹಣ ಹೇಗೆ ಬಂತೆಂದು ನೋಡುತ್ತಾರೆ. ಗಂಟೆ-ನಿಮಿಷಕ್ಕೆ ಯಾವಾಗಲೂ ಎರಡು ಚುಕ್ಕೆ, ದಶಮಾಂಶಕ್ಕೆ ಒಂದು ಚುಕ್ಕೆ. ಇದನ್ನು ಎಲ್ಲೂ ಮುರಿಯಬೇಡಿ.

## ಹಿಂದಿನ ತಿಂಗಳುಗಳಲ್ಲಿ ನಿಮಿಷವನ್ನು ದಶಮಾಂಶ ಎಂದು ಓದಿ ಸಂಬಳ ಕೊಟ್ಟಿದ್ದೇವೆ. ಬಾಕಿ ಎಷ್ಟೆಂದು ಕಂಡುಹಿಡಿಯುವುದು ಹೇಗೆ?

ಸರಾಸರಿ ತೆಗೆದು ಎಲ್ಲರಿಗೂ ಒಂದೇ ಮೊತ್ತ ಕೊಡಬೇಡಿ. ನಷ್ಟ ಪ್ರತಿ ನಮೂದಿಗೂ ಬೇರೆ. ಚುಕ್ಕೆಯ ನಂತರ ಬರೆದಿದ್ದ ನಿಮಿಷಗಳ ನೂರಕ್ಕೆ 40 ಪಾಲು ಕೈಬಿಟ್ಟುಹೋಗಿರುತ್ತದೆ. 7.15 ಇದ್ದಲ್ಲಿ 6 ನಿಮಿಷ, 7.30 ಇದ್ದಲ್ಲಿ 12, 7.45 ಇದ್ದಲ್ಲಿ 18. 7.00 ಇದ್ದಲ್ಲಿ ಏನೂ ಇಲ್ಲ. ಹಾಗಾಗಿ ಒಬ್ಬ ವ್ಯಕ್ತಿಯ ಎಲ್ಲ ದಿನಗಳ ನಿಮಿಷದ ಭಾಗಗಳನ್ನು ಮಾತ್ರ ಕೂಡಿ, 0.4ರಿಂದ ಗುಣಿಸಿದರೆ ಅವರಿಗೆ ಎಷ್ಟು ನಿಮಿಷದ ಸಂಬಳ ಬಾಕಿ ಎಂದು ಸಿಗುತ್ತದೆ. ನಮ್ಮ ವಾರದಲ್ಲಿ 138 × 0.4 = 55.2 ನಿಮಿಷ. 60ರಿಂದ ಭಾಗಿಸಿದರೆ 0.92 ಗಂಟೆ, 240ರಿಂದ ಗುಣಿಸಿದರೆ 220.80. ಮೇಲೆ ಕಂಡ ಅಂತರವೇ ಇದು.

ಈ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ ಎಂಬುದನ್ನು ಗಮನಿಸಿ. ಎರಡು ಅಂಕಿಯಲ್ಲಿ ಸರಿಯಾಗಿ ಬರೆದ ಕೆಲಸದ ನಿಮಿಷವನ್ನು ದಶಮಾಂಶ ಎಂದು ಓದಿದಾಗ ಕೆಲಸಗಾರರಿಗೆ ಜಾಸ್ತಿ ಹೋಗುವ ದಿನ ಒಂದೂ ಇರುವುದಿಲ್ಲ. ಹಾಗಾಗಿ ಒಂದು ದಿನದ ಕೊರತೆ ಇನ್ನೊಂದು ದಿನ ತಾನಾಗಿ ಸರಿಹೋಗಿರಬಹುದು ಎಂದು ಬಿಡುವಂತಿಲ್ಲ. ಓಟಿ ಇದ್ದ ಅಥವಾ ಅದರ ಗಡಿಯ ಹತ್ತಿರ ಬಂದ ವಾರಗಳನ್ನು ಮಾತ್ರ 0.4ರ ದಾರಿ ಬಿಟ್ಟು ಮೊದಲಿಂದ ಲೆಕ್ಕ ಹಾಕಿ, ಏಕೆಂದರೆ ಕೈಬಿಟ್ಟ ನಿಮಿಷಗಳು ಸೇರಿದಾಗ ಆ ವ್ಯಕ್ತಿ ಓಟಿಯ ಗಡಿ ದಾಟಿ, ಆ ನಿಮಿಷಗಳಿಗೆ ಹೆಚ್ಚಿನ ದರ ಸಲ್ಲಬೇಕಾಗಿರಬಹುದು.